ಭಾವನ ಕೊಟೇಶನ್ ಮತ್ತು ನಿನ್ನ ಮೌನ

ಚಿ. ಪುಟ್ಟಿಗೆ,

ಮಾವನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ ವಿಷಯ ತಲೆಯಿಂದ ಹೋಗುತ್ತಿಲ್ಲ. ನಿಮ್ಮ ಕಂಪನಿ ಕರೆದ ಪ್ಯಾಕಿಂಗ್ ಸಾಮಗ್ರಿಯ ಟೆಂಡರ್‌ಗೆ ನಿನ್ನ ಭಾವನೂ ಕೊಟೇಶನ್ ಹಾಕಿದ್ದಾನೆ. ಸಂಸ್ಥೆ ಕಾಗದದ ಮೇಲೆ ನಿನ್ನ ವಾರಗಿತ್ತಿಯ ಹೆಸರಿನಲ್ಲಿದೆ. ಬಂದ ಕೊಟೇಶನ್‌ಗಳಿಗೆ ಅಂಕ ಹಾಕುವ ಸಮಿತಿಯಲ್ಲಿ ನೀನಿದ್ದೀಯ. "ಕೊನೆಯ ಸಹಿ ನನ್ನದಲ್ಲ ಮಾವ, ಹೇಗಿದ್ದರೂ ಅವರ ರೇಟೇ ಕಡಿಮೆ. ಸುಮ್ನೆ ಯಾಕೆ ಹೇಳಿ ರಗಳೆ ಮಾಡಿಕೊಳ್ಳಲಿ?" ಅಂದೆ.

ರೇಟಿನ ಲಕೋಟೆ ಇನ್ನೂ ತೆರೆದಿಲ್ಲ ಎಂದೂ ನೀನೇ ಹೇಳಿದೆ. ಹಾಗಾದರೆ ಅವರ ರೇಟು ಕಡಿಮೆ ಎಂದು ನಿನಗೆ ಹೇಗೆ ಗೊತ್ತಾಯಿತು? ನಾಳೆ ತನಿಖೆಗೆ ಕೂತವರು ಕೇಳುವ ಮೊದಲ ಪ್ರಶ್ನೆ ಇದೇ. ಇಷ್ಟು ವರ್ಷ ಇಂಟರ್ನಲ್ ಆಡಿಟ್‌ನಲ್ಲಿದ್ದ ನನಗೂ ಮೊದಲು ಹೊಳೆದದ್ದು ಅದೇ.

ಒಂದು ವಿಷಯ ಬಿಡಿಸಿ ಹೇಳುತ್ತೇನೆ. ನೆಂಟರು ನಿನ್ನ ಕಂಪನಿಗೆ ಮಾಲು ಮಾರುವುದು ತಪ್ಪಲ್ಲ. ಹೆಚ್ಚಿನ ಕಂಪನಿಗಳ ನಿಯಮಗಳೂ ಅದನ್ನು ತಪ್ಪು ಎನ್ನುವುದಿಲ್ಲ. ಆ ನಂಟು ಇರುವಾಗ ನಿರ್ಧಾರದಲ್ಲಿ ನಿನ್ನ ಕೈ ಇರುವುದು, ಅದನ್ನು ನೀನು ಮುಚ್ಚಿಡುವುದು, ಇವೆರಡೇ ತೊಂದರೆ. ನಿನ್ನ ಭಾವ ನಿಜವಾಗಿಯೂ ಕಡಿಮೆ ರೇಟಿಗೆ ಒಳ್ಳೆಯ ಮಾಲು ಕೊಟ್ಟರೂ, ಕಂಪನಿಗೆ ಒಂದು ಪೈಸೆ ನಷ್ಟವಾಗದಿದ್ದರೂ, ಮುಚ್ಚಿಟ್ಟದ್ದು ಮುಚ್ಚಿಟ್ಟದ್ದೇ. ಶಿಸ್ತು ಕ್ರಮಕ್ಕೆ ಅಷ್ಟು ಸಾಕು. "ನಷ್ಟ ಎಲ್ಲಿದೆ ತೋರಿಸಿ" ಎಂದು ವಾದ ಮಾಡಿದವರನ್ನು ನೋಡಿದ್ದೇನೆ. ಆ ವಾದ ನಡೆಯುವುದಿಲ್ಲ.

"ನಿಯಮದಲ್ಲಿರುವ ಸಂಬಂಧಿಕರ ಪಟ್ಟಿಯಲ್ಲಿ ವಾರಗಿತ್ತಿ ಇಲ್ಲವಲ್ಲ" ಎಂದೂ ಕೇಳಿದೆ. ಪಟ್ಟಿಯ ಕೆಳಗಿನ ಸಾಲು ಓದು. "ಅಥವಾ ತೀರ್ಮಾನದ ಮೇಲೆ ಪ್ರಭಾವ ಬೀರಬಹುದಾದ, ಬೀರುವಂತೆ ಕಾಣಬಹುದಾದ ಬೇರೆ ಯಾವುದೇ ಸಂಬಂಧ" ಎಂಬ ಅರ್ಥದ ಒಂದು ಮಾತು ಸಾಮಾನ್ಯವಾಗಿ ಇದ್ದೇ ಇರುತ್ತದೆ. "ಕಾಣಬಹುದಾದ" ಎಂದು ಬೇಕೆಂದೇ ಹಾಕಿರುತ್ತಾರೆ. ಸೋತ ವ್ಯಾಪಾರಿ ದೂರು ಬರೆದಾಗ ಹೊರಗಿನವರಿಗೆ ಇದು ಹೇಗೆ ಕಂಡೀತು ಎಂಬುದೇ ಲೆಕ್ಕ. ವ್ಯವಹಾರ ಭಾವನದ್ದು, ಹೆಸರು ಹೆಂಡತಿಯದ್ದು ಎಂದು ಗೊತ್ತಾದರಂತೂ, ಬಚ್ಚಿಡಲೆಂದೇ ಹೀಗೆ ಮಾಡಿದ್ದಾರೆ ಅಂದುಕೊಳ್ಳುತ್ತಾರೆ.

ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದೀಯಲ್ಲ, ಅದಕ್ಕೆ ನಮ್ಮ ಕೆಲಸದ ಒಂದು ಗುಟ್ಟು ಹೇಳುತ್ತೇನೆ. ಆಡಿಟ್‌ನವರು ಉದ್ಯೋಗಿಗಳ ಕಡತವನ್ನೂ ಸರಬರಾಜುದಾರರ ಕಡತವನ್ನೂ ಪಕ್ಕ ಪಕ್ಕ ಇಟ್ಟು ತಾಳೆ ನೋಡುತ್ತಾರೆ. ಹೆಸರು ಹೊಂದುತ್ತದೆಯೇ ಎಂದಷ್ಟೇ ಅಲ್ಲ. ಬ್ಯಾಂಕ್ ಖಾತೆ, ಮನೆ ವಿಳಾಸ, ಫೋನ್ ನಂಬರ್, ಎಲ್ಲವನ್ನೂ. ಕೆಲಸಕ್ಕೆ ಸೇರುವಾಗ "ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು" ಎಂಬ ಜಾಗದಲ್ಲಿ ನೀನು ಯಾರ ನಂಬರ್ ಬರೆದಿದ್ದೆ? ನಿನ್ನ ಗಂಡ ಆಗ ಹೊರದೇಶದಲ್ಲಿದ್ದ. ಭಾವನ ನಂಬರ್ ಕೊಟ್ಟಿರಬೇಕು. ಅದೇ ನಂಬರ್ ಅವನ ಸಂಸ್ಥೆಯ ನೋಂದಣಿ ಫಾರ್ಮಿನಲ್ಲೂ ಇದ್ದರೆ, ಕಂಪ್ಯೂಟರಿನಲ್ಲಿ ಒಂದು ಗಂಟೆಯ ಕೆಲಸ, ಅಷ್ಟೆ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. ಅಮೆರಿಕದ ಕೋಲ್ಸ್ ಎಂಬ ದೊಡ್ಡ ಮಳಿಗೆ ಸಂಸ್ಥೆಯ ಮುಖ್ಯಸ್ಥ ಆಶ್ಲಿ ಬುಕಾನನ್ 2025ರ ಜನವರಿಯಲ್ಲಿ ಅಧಿಕಾರಕ್ಕೆ ಬಂದರು. ನಾಲ್ಕು ತಿಂಗಳು ತುಂಬುವುದರೊಳಗೆ ಅವರನ್ನು ತೆಗೆದುಹಾಕಿದರು. ತಮಗೆ ವೈಯಕ್ತಿಕ ಸಂಬಂಧವಿದ್ದವರ ಸಂಸ್ಥೆಯೊಂದಿಗೆ ವಿಚಿತ್ರ ಷರತ್ತುಗಳಲ್ಲಿ ವ್ಯವಹಾರ ಮಾಡಿಸಿದ್ದು, ಆ ಸಂಬಂಧವನ್ನು ಹೇಳದೆ ಇದ್ದದ್ದು ಕಾರಣ ಎಂದು ಕಂಪನಿಯೇ ಹೇಳಿತು. ಸೇರುವಾಗ ಸಿಕ್ಕಿದ್ದ 25 ಲಕ್ಷ ಡಾಲರ್ ಬೋನಸ್‌ನಲ್ಲಿ ಒಂದು ಪಾಲನ್ನು ವಾಪಸ್ ಕೊಡಬೇಕಾಯಿತು.

ಇನ್ನು ಕಂಪನಿಯೊಂದಿಗೆ ವ್ಯವಹಾರ ಮಾಡುವ ಸಂಬಂಧಿಕರಿದ್ದಾರೆಯೇ ಎಂಬ ಪ್ರಶ್ನೆಗೆ ನೀನು ಸಹಿ ಮಾಡಿಕೊಟ್ಟ ವಾರ್ಷಿಕ ಘೋಷಣೆ. ಅದರಲ್ಲಿ "ಇಲ್ಲ" ಎಂದು ಬರೆದಾಗ ಭಾವ ನಿಮ್ಮ ಕಂಪನಿಯ ಕಡೆ ತಲೆ ಹಾಕಿರಲಿಲ್ಲ. ಹಾಗಾಗಿ ಆ ದಿನಕ್ಕೆ ಅದು ಸುಳ್ಳಲ್ಲ. ಆದರೆ ಅವನ ಕೊಟೇಶನ್ ಬಂದದ್ದು ನಿನಗೆ ಗೊತ್ತಾದ ಕ್ಷಣದಿಂದ ಆ ಹಾಳೆ ಹಳೆಯದಾಯಿತು. ಪರಿಸ್ಥಿತಿ ಬದಲಾದರೆ ತಕ್ಷಣ ತಿಳಿಸಬೇಕು ಎಂಬ ಷರತ್ತು ಅದರಲ್ಲೇ ಇರುತ್ತದೆ. ಮುಂದಿನ ವರ್ಷದ ಫಾರ್ಮ್‌ವರೆಗೆ ಕಾಯುವ ಹಾಗಿಲ್ಲ. ಲಕೋಟೆ ತೆರೆಯುವ ಮೊದಲು ಹೇಳಿದರೆ ಅದು ತಿಳಿಸಿದಂತೆ. ಆರ್ಡರ್ ಹೋದ ಮೇಲೆ ಹೇಳಿದರೆ ಒಪ್ಪಿಕೊಂಡಂತೆ.

ಮ್ಯಾನೇಜರ್‌ಗೆ ಬಾಯಿಮಾತಿನಲ್ಲಿ ಹೇಳಿ ಕೈ ತೊಳೆದುಕೊಳ್ಳಬೇಡ. ಅವರು ನಾಳೆ ಬೇರೆ ಕಡೆ ಹೋದರೆ ನಿನ್ನ ಮಾತಿಗೆ ಸಾಕ್ಷಿ ಯಾರು? ಅವರಿಗೂ, ನಿಯಮ ಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗಕ್ಕೂ ಸೇರಿಸಿ ಮೇಲ್ ಹಾಕು. ಉದ್ದ ಬೇಡ. "ಈ ಟೆಂಡರ್‌ನಲ್ಲಿ ಭಾಗವಹಿಸಿರುವ ಇಂಥ ಸಂಸ್ಥೆ ನನ್ನ ಗಂಡನ ಅತ್ತಿಗೆಯ ಹೆಸರಿನಲ್ಲಿದೆ, ನಡೆಸುವವರು ನನ್ನ ಗಂಡನ ಅಣ್ಣ. ನನಗಾಗಲಿ ನನ್ನ ಗಂಡನಿಗಾಗಲಿ ಅದರಲ್ಲಿ ಪಾಲಿಲ್ಲ. ಇದು ನನಗೆ ಇಂಥ ದಿನ ತಿಳಿಯಿತು. ಅದಕ್ಕೂ ಮೊದಲು ಮಾಲಿನ ಗುಣಮಟ್ಟ ನಿಗದಿ ಮಾಡಿದ ಸಭೆಯಲ್ಲಿ ನಾನಿದ್ದೆ. ನನ್ನನ್ನು ಈ ಟೆಂಡರ್‌ನಿಂದ ಬಿಡುಗಡೆ ಮಾಡಿ." ಆ ಸಭೆಯ ಮಾತನ್ನು ಬಿಡಬೇಡ. ಅಲ್ಲಿ ಭಾವನಿಗೆ ಅನುಕೂಲವಾಗುವ ಅಳತೆ ಏನಾದರೂ ಸೇರಿತೇ ಎಂದು ಅವರೇ ನೋಡಿಕೊಳ್ಳಲಿ. ರೇಟಿನ ಬಗ್ಗೆ ಭಾವ ನಿನ್ನ ಹತ್ತಿರ ಆಡಿದ ಮಾತನ್ನೂ ಬರೆ. ಗಂಡನಿಗೆ ಆ ವ್ಯಾಪಾರದಲ್ಲಿ ಪಾಲು, ಸಾಲ, ಜಾಮೀನು ಏನಾದರೂ ಇದೆಯೇ ಎಂದು ಬರೆಯುವ ಮೊದಲು ಅವನನ್ನೇ ಕೇಳು. ಅರ್ಧ ಹೇಳಿ ಅರ್ಧ ಬಿಟ್ಟರೆ ಪೂರ್ತಿ ಮುಚ್ಚಿಟ್ಟದ್ದಕ್ಕಿಂತ ಕಷ್ಟ.

ಹೊರಗುಳಿಯುವುದು ಎಂದರೆ ಅಂಕ ಹಾಕುವ ದಿನ ಎದ್ದು ಹೋಗುವುದಷ್ಟೇ ಅಲ್ಲ. ಆ ಫೋಲ್ಡರ್ ನಿನಗೆ ಕಾಣಬಾರದು. ಭಾವನಿಗೆ ಆರ್ಡರ್ ಸಿಕ್ಕರೆ ಮುಂದೆ ಅವನ ಮಾಲು ಒಪ್ಪಿಕೊಳ್ಳುವುದು, ಬಿಲ್ ಪಾಸ್ ಮಾಡುವುದು, ಕರಾರು ಮುಂದುವರಿಸುವುದು ಯಾವುದೂ ನಿನ್ನ ಮೇಜಿಗೆ ಬರಬಾರದು. ನಿನ್ನ ಜಾಗಕ್ಕೆ ನಿನ್ನ ಕೈಕೆಳಗಿನವನನ್ನೇ ಕೂರಿಸಿದರೆ ಬೇಡ ಎನ್ನು. ಅವನ ಬಡ್ತಿಗೆ ಶಿಫಾರಸು ಬರೆಯುವವಳು ನೀನು. ಅವನು ನಿನ್ನ ಮುಖ ನೋಡಿಯೇ ಅಂಕ ಹಾಕುತ್ತಾನೆ. ಇದನ್ನು ಹಲವರು ಗಮನಿಸುವುದೇ ಇಲ್ಲ.

ಭಾವ ನಿನ್ನ ಮಗನಿಗೆ ಕೊಡಿಸಿದ ಲ್ಯಾಪ್‌ಟಾಪ್ ವಿಷಯ. ದೊಡ್ಡಪ್ಪ ಮಗುವಿಗೆ ಕೊಟ್ಟದ್ದು, ಉಡುಗೊರೆ ನಿಯಮಕ್ಕೆ ಏನು ಸಂಬಂಧ ಎನ್ನುತ್ತೀಯ. ಬೇರೆ ಸಮಯದಲ್ಲಾದರೆ ನಾನೂ ಹೌದು ಎನ್ನುತ್ತಿದ್ದೆ. ಆದರೆ ಟೆಂಡರ್ ನಡೆಯುತ್ತಿರುವಾಗ ಅವನು ದೊಡ್ಡಪ್ಪನೂ ಹೌದು, ವ್ಯಾಪಾರಿಯೂ ಹೌದು. ಮನೆಯವರ ಕೈಗೆ ಬಂದದ್ದನ್ನೂ ಇಂಥ ನಿಯಮಗಳು ನಿನಗೆ ಬಂದ ಹಾಗೆಯೇ ಲೆಕ್ಕ ಹಾಕುತ್ತವೆ. ಬಿಲ್ ಯಾರ ಹೆಸರಿನಲ್ಲಿದೆ, ಕೇಳು. ಅವನ ಜೇಬಿನ ದುಡ್ಡಾದರೆ ಒಂದು ಮಾತು. ಸಂಸ್ಥೆಯ ಪುಸ್ತಕದಲ್ಲಿ "ವ್ಯಾಪಾರ ಪ್ರಚಾರ" ಎಂದು ಖರ್ಚು ಬಿದ್ದಿದ್ದರೆ ಅದು ಸರಬರಾಜುದಾರನ ಉಡುಗೊರೆ, ಪಕ್ಕಾ. ಎರಡರಲ್ಲಿ ಯಾವುದೇ ಆಗಿದ್ದರೂ ಲ್ಯಾಪ್‌ಟಾಪ್ ವಾಪಸ್ ಕಳಿಸಿ, ಕಳಿಸಿದ್ದನ್ನು ಅದೇ ಮೇಲ್‌ನಲ್ಲಿ ಬರೆ. ಮಗನಿಗೆ ಬೇಜಾರಾಗುತ್ತದೆ, ಗೊತ್ತು.

ಭಾವನಿಗೂ ಇಂದೇ ಹೇಳಿಬಿಡು. ನೋಂದಣಿ ಫಾರ್ಮಿನಲ್ಲಿ "ನಮ್ಮ ಉದ್ಯೋಗಿಗಳಲ್ಲಿ ಸಂಬಂಧಿಕರಿದ್ದಾರೆಯೇ" ಎಂದು ಕೇಳಿರುತ್ತಾರೆ. ಅಲ್ಲಿ ಅವನು "ಇಲ್ಲ" ಎಂದಿದ್ದರೆ ತಿದ್ದಲಿ. ನೀನು ಹೌದು, ಅವನು ಇಲ್ಲ ಎಂದರೆ ಮೊದಲು ಕೆಡುವುದು ಅವನ ವ್ಯಾಪಾರ. ಸಿಟ್ಟಾದರೆ ಆಗಲಿ, ಒಂದು ತಿಂಗಳು ಮಾತು ಬಿಡಬಹುದು, ಅಷ್ಟೇ ಅಲ್ವಾ?

ಮೇಲ್‌ನ ಕರಡನ್ನು ನೋಡಲೆಂದು ನನಗೆ ಕಳಿಸಬೇಡ. ಟೆಂಡರ್‌ನ ಹೆಸರು, ಯಾರು ಯಾರು ಭಾಗವಹಿಸಿದ್ದಾರೆ ಎಂಬುದು ಅದರಲ್ಲಿರುತ್ತದೆ. ಅದನ್ನು ಓದುವ ಅಧಿಕಾರ ನನಗಿಲ್ಲ.

ಇಂತು,
ನಿನ್ನ ಸೋದರಮಾವ