ಹೆಡ್‌ಸರ್ ಮಾಡಿದ ಕೊನೆಯ ಭಾಷಣ: ಗೆಳೆಯನಿಗೊಂದು ಪತ್ರ

ಪ್ರೀತಿಯ ದೋಸ್ತ,

ನಮ್ಮ ಹೆಡ್‌ಸರ್ ಮೇ 31ಕ್ಕೆ ನಿವೃತ್ತರಾದರು. ನೀನು ಬರುತ್ತೀಯ ಅಂತ ಕೊನೆಯವರೆಗೂ ದಾರಿ ನೋಡಿದರು. ಬರಲಿಲ್ಲ ಅಂತ ಬೈಯುವುದು ಫೋನಿನಲ್ಲೇ ಮುಗಿದಿದೆ, ಅದನ್ನು ಮತ್ತೆ ತೆಗೆಯುವುದಿಲ್ಲ. ಅವರ ಭಾಷಣದ ಬಗ್ಗೆ ಮಾತ್ರ ಹೇಳಬೇಕು. ನಿನ್ನೊಬ್ಬನಿಗೆ ಹೇಳಿದರೆ ಸಾಲದು ಅನ್ನಿಸಿ ಇಲ್ಲಿ ಎಲ್ಲರೆದುರಿಗೆ ಹಾಕುತ್ತಿದ್ದೇನೆ.

ನಮ್ಮ ಕಡೆ ಎಷ್ಟು ಜನರ ಹುಟ್ಟಿದ ದಿನ ಜೂನ್ 1 ಅಲ್ವಾ? ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡದ್ದೇ ತಾರೀಖು. ತಿಂಗಳ ಒಂದನೇ ದಿನ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಾಗಾಗಿ ಮೇ 31 ಬಂತೆಂದರೆ ಕುಷ್ಟಗಿ, ಯಲಬುರ್ಗಾ, ಸಿಂಧನೂರು, ಎಲ್ಲಿ ನೋಡಿದರೂ ಶಾಲು, ಹಾರ, ಬೀಳ್ಕೊಡುಗೆ.

ಆದರೆ ಆ ತಾರೀಖಿನಲ್ಲಿ ಒಂದು ತೊಡಕಿದೆ. ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುವುದು ಆ ವರ್ಷಕ್ಕೆ ಮಾತ್ರ. ವರ್ಷ ಮುಗಿದರೆ ಅವರ ಕೆಲಸವೂ ಮುಗಿಯಿತು. ಹೊಸ ಆದೇಶ ಬರಬೇಕಾದರೆ ಶಾಲೆ ಶುರುವಾಗಿ ದಿನ ಕಳೆದಿರುತ್ತದೆ. ಅಂದರೆ ಹೆಡ್‌ಮಾಸ್ತರು ನಿಂತು ವಂದನೆ ಹೇಳುವ ದಿನ ಅತಿಥಿ ಶಿಕ್ಷಕರು ಶಾಲೆಯವರೇ ಅಲ್ಲ! ಆಹ್ವಾನ ಪತ್ರಿಕೆಯಲ್ಲಿ ಹೆಸರಿಲ್ಲ, ವೇದಿಕೆಯ ಮುಂದೆ ಕುರ್ಚಿ ಇಲ್ಲ. ಹೆಡ್‌ಸರ್ ಒಂದು ವಾರ ಮೊದಲೇ ಹಳೇ ಹಾಜರಿ ಪುಸ್ತಕಗಳನ್ನು ತೆಗೆಸಿ, ತಮ್ಮ ಕಾಲದಲ್ಲಿ ಪಾಠ ಮಾಡಿ ಹೋದ ಅತಿಥಿ ಶಿಕ್ಷಕರಿಗೆಲ್ಲ ತಾವೇ ಫೋನ್ ಮಾಡಿದರು. ಒಬ್ಬ ಹುಡುಗ ಈಗ ಗಂಗಾವತಿಯಲ್ಲಿ ಅಂಗಡಿ ಇಟ್ಟಿದ್ದಾನೆ, ಶಟರ್ ಎಳೆದು ಬಂದಿದ್ದ.

ಇನ್ನು ಅಡುಗೆಯವರ ವಿಷಯ. ಇಂಥ ಕಾರ್ಯಕ್ರಮದಲ್ಲಿ ಅವರು ಎಲ್ಲಿರುತ್ತಾರೆ ಅಂತ ನಿನಗೆ ಗೊತ್ತು. ಬಂದವರ ಊಟಕ್ಕೆ ಒಲೆ ಮುಂದೆ ಇರುತ್ತಾರೆ. ಮೈಕಿನಲ್ಲಿ ಅವರ ಹೆಸರು ಹೇಳಿದರೂ ಕೇಳಿಸುವುದಿಲ್ಲ. ಹೆಡ್‌ಸರ್ ಅದಕ್ಕೇ ಮೊದಲು ಮಕ್ಕಳ ಊಟ ಮುಗಿಸಿ, ಪಾತ್ರೆ ತೊಳೆದಾದ ಮೇಲೆ ಮಧ್ಯಾಹ್ನಕ್ಕೆ ಕಾರ್ಯಕ್ರಮ ಇಟ್ಟರು. ಅತಿಥಿಗಳ ಊಟವನ್ನು ಹೊರಗಿನಿಂದ ತರಿಸಿದರು. ಬಿಸಿಲು ಎಂಥದ್ದು ಅಂತ ಕೇಳಬೇಡ. ಮುಖ್ಯ ಅಡುಗೆಯ ಅಕ್ಕ ಆದರೂ ಒಳಗೆ ಬರಲು ಒಪ್ಪಲಿಲ್ಲ. "ನಾವ್ ಇಲ್ಲೇ ಬಾಗಿಲದಾಗ ನಿಂದರ್ತೀವ್ರಿ ಸರ" ಅಂದಳು. ಹೆಡ್‌ಸರ್ ಇಳಿದು ಹೋಗಿ ಕರೆತಂದು ಎರಡನೇ ಸಾಲಿನಲ್ಲಿ ಕೂರಿಸಿದರು. ಆಮೇಲೆ ಮೈಕ್ ಹಿಡಿದರು.

ನಾವೆಲ್ಲ ಇಂಥ ಭಾಷಣ ಎಷ್ಟು ಕೇಳಿದ್ದೇವೆ. ಮೊದಲು ಅಧಿಕಾರಿಗಳು, ಆಮೇಲೆ ಎಸ್‌ಡಿಎಂಸಿ, ಆಮೇಲೆ ಸೀನಿಯಾರಿಟಿ ಪ್ರಕಾರ ಶಿಕ್ಷಕರು. ಕೊನೆಗೆ ಒಂದೇ ಉಸಿರಿನಲ್ಲಿ "ಡಿ ದರ್ಜೆ ನೌಕರರು, ಅಡುಗೆ ಸಿಬ್ಬಂದಿ ಹಾಗೂ ಪ್ರತ್ಯಕ್ಷವಾಗಿ ಪರೋಕ್ಷವಾಗಿ ಸಹಕರಿಸಿದ ಸರ್ವರಿಗೂ". ಹೆಡ್‌ಸರ್ ಸೀನಿಯಾರಿಟಿಯನ್ನು ಮುಟ್ಟಲೇ ಇಲ್ಲ. ಶಾಲೆಯ ಒಂದು ದಿನ ಹೇಗೆ ಶುರುವಾಗುತ್ತದೋ ಹಾಗೇ ಹೇಳುತ್ತಾ ಹೋದರು. ಯಾರು ಮೊದಲು ಬರುತ್ತಾರೋ ಅವರ ಹೆಸರು ಮೊದಲು. ಯಾರ ಹೆಸರೂ ಬಿಟ್ಟುಹೋಗಲಿಲ್ಲ, ಯಾರಿಗೂ ಮೇಲು ಕೆಳಗು ಅನ್ನಿಸಲಿಲ್ಲ.

ಹಾಗಾಗಿ ಮೊದಲ ಹೆಸರು ನಮ್ಮ ಜವಾನನದು. ನಮ್ಮೂರ ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ, ಕುಡಿಯುವ ಹಾಗಿಲ್ಲ. ಆತ ಗೇಟು ತೆಗೆಯುವ ಮೊದಲೇ ಶುದ್ಧ ನೀರಿನ ಘಟಕಕ್ಕೆ ಹೋಗಿ, 20 ಲೀಟರಿನ ಕ್ಯಾನುಗಳನ್ನು ಟಿವಿಎಸ್ ಮೇಲೆ ತರುತ್ತಾನೆ. ಘಟಕ ಕೆಟ್ಟಾಗ ಪಕ್ಕದ ಊರಿಗೆ ಹೋಗುತ್ತಾನೆ, ಪೆಟ್ರೋಲು ತನ್ನದೇ. ಹೆಡ್‌ಸರ್ "ನಿಷ್ಠಾವಂತ, ಪ್ರಾಮಾಣಿಕ" ಅಂತ ಒಂದೂ ಮಾತು ಹೇಳಲಿಲ್ಲ. ಕ್ಯಾನಿನ ಕಥೆ ಹೇಳಿ ಮುಗಿಸಿದರು. ಚಪ್ಪಾಳೆ ನಿಲ್ಲಲಿಲ್ಲ.

ಆಮೇಲೆ ಅಡುಗೆ ಅಕ್ಕ. ಒಂಬತ್ತು ಹತ್ತನೇ ಮಕ್ಕಳಿಗೆ ತಲೆಗೆ 150 ಗ್ರಾಂ ಅಕ್ಕಿ. ನಮ್ಮಲ್ಲಿ 240 ಮಕ್ಕಳು, ಎಲ್ಲರೂ ಬಂದರೆ 36 ಕೆಜಿ. ಆದರೆ ಹತ್ತಿ ಬಿಡಿಸುವ ಕಾಲಕ್ಕೆ 190ಕ್ಕೆ ಇಳಿಯುತ್ತದೆ, ಆಗ 28 ಕೆಜಿ ಚಿಲ್ಲರೆ. ತರಗತಿಯಿಂದ ಹಾಜರಿ ಲೆಕ್ಕ ಬರುವ ಮೊದಲೇ ಎಸರು ಇಡಬೇಕು. ಜಾಸ್ತಿ ಆದರೆ ಚೆಲ್ಲಬೇಕು, ಕಡಿಮೆ ಆದರೆ ಕೊನೆಯ ಸಾಲಿನ ಮಕ್ಕಳು ಉಪವಾಸ. ಅಕ್ಕ ಬೆಳಿಗ್ಗೆ ಬರುವ ದಾರಿಯಲ್ಲೇ ಯಾರ ಹೊಲದಲ್ಲಿ ಯಾರ ಮಕ್ಕಳಿದ್ದಾರೆ ನೋಡಿಕೊಂಡು ಅಂದಾಜು ಮಾಡುತ್ತಾಳಂತೆ.

"ಒಂದು ಸೋಮವಾರ ಈಕೆ ಆಫೀಸಿಗೆ ಬಂದು, ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಸೋಮವಾರಕ್ಕೊಮ್ಮೆ ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತಾಳೆ ಅಂದಳು. ವಿಚಾರಿಸಿದೆವು. ಅಪ್ಪ ಅವ್ವ ಗುಳೆ ಹೋಗಿದ್ದರು. ಭಾನುವಾರ ಆ ಮನೆಯಲ್ಲಿ ಒಲೆ ಹಚ್ಚುತ್ತಿರಲಿಲ್ಲ. ಊಟಕ್ಕೆ ಮೊದಲು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದವನು ನಾನು. ತಟ್ಟೆ ನೋಡುತ್ತಿದ್ದವಳು ಈಕೆ." ಹುಡುಗಿಯ ಹೆಸರು ಹೇಳಲಿಲ್ಲ, ಯಾವ ವರ್ಷ ಅಂತಲೂ ಹೇಳಲಿಲ್ಲ. ಈ ಕಥೆ ಹೇಳಲಾ ಅಂತ ಅಕ್ಕನನ್ನು ಹಿಂದಿನ ದಿನವೇ ಕೇಳಿದ್ದರಂತೆ. ಉಪಕಾರ ಹೇಳುವ ಭರದಲ್ಲಿ ಇನ್ನೊಬ್ಬರ ಬಡತನವನ್ನು ಮೈಕಿನಲ್ಲಿ ಬಿಚ್ಚುವವರನ್ನು ನಾವು ನೋಡಿದ್ದೇವಲ್ಲ. ಅಕ್ಕನಿಗೂ 60 ಹತ್ತಿರ ಬಂತು. ಅವಳಿಗೆ ಪೆನ್ಷನ್ ಇಲ್ಲ. ಇದನ್ನೂ ಹೆಡ್‌ಸರ್ ಎಸ್‌ಡಿಎಂಸಿಯವರ ಮುಖ ನೋಡಿಯೇ ಹೇಳಿದರು.

ಶಿಕ್ಷಕರಲ್ಲಿ ಜಾಸ್ತಿ ಹೊತ್ತು ಮಾತಾಡಿದ್ದು ಗಣಿತದ ಮೇಡಂ ಬಗ್ಗೆ. ಅದೂ ಜಗಳದ ಬಗ್ಗೆ! ಎಸ್‌ಎಸ್‌ಎಲ್‌ಸಿಯಲ್ಲಿ ಹಿಂದುಳಿದ ಮಕ್ಕಳಿಗೆ ಪಾಸಿಂಗ್ ಪ್ಯಾಕೇಜ್ ಅಷ್ಟೇ ಮಾಡಿಸಿ, 35 ಬಂದರೆ ಸಾಕು ಅಂತ ಹೆಡ್‌ಸರ್ ಹೇಳಿದ್ದರು. ಮೇಡಂ ಒಪ್ಪಲಿಲ್ಲ. ಆ ಮಕ್ಕಳಿಗೆ ಭಿನ್ನರಾಶಿಯೇ ಬರುವುದಿಲ್ಲ, ಅದನ್ನು ಬಿಟ್ಟು ಪ್ಯಾಕೇಜ್ ಬಾಯಿಪಾಠ ಮಾಡಿಸಿದರೆ ಮುಂದೆ ಐಟಿಐನಲ್ಲಿ ಸ್ಕೇಲು ಓದಲೂ ಬರುವುದಿಲ್ಲ ಅಂತ ವಾದ ಹಾಕಿದರು. ಸಂಜೆ ನಿಲ್ಲಿಸಿಕೊಂಡು ಭಿನ್ನರಾಶಿಯಿಂದಲೇ ಶುರು ಮಾಡಿದರು. "ಅವರು ನನ್ನ ಮಾತು ಕೇಳಲಿಲ್ಲ. ಅದಕ್ಕೆ ಅವರಿಗೆ ನಾನು ಋಣಿ" ಅಂದರು ಹೆಡ್‌ಸರ್. ಮೇಡಂ ಸೆರಗಿನಿಂದ ಮುಖ ಒರೆಸಿಕೊಂಡರು.

ನನ್ನ ಬಗ್ಗೆಯೂ ಹೇಳಿದರು. ಅದನ್ನು ಇಲ್ಲಿ ಬರೆಯುವುದಿಲ್ಲ, ಫೋನ್ ಮಾಡು. ಅಷ್ಟು ಹೊತ್ತಿಗೆ ನನ್ನ ಮನಸ್ಸು ಆ ಕ್ಯಾನುಗಳ ಹತ್ತಿರವೇ ನಿಂತಿತ್ತು. ನಿನಗೆ ಇದನ್ನು ಎಂದೂ ಹೇಳಿಲ್ಲ ದೋಸ್ತ. ನಮ್ಮಪ್ಪ ರಾಯಚೂರು ಕಡೆ ಒಂದು ಹೈಸ್ಕೂಲಿನಲ್ಲಿ ಜವಾನ. ಅವರ ನಿವೃತ್ತಿಯ ದಿನ ನಾನು ಹೋಗಿದ್ದೆ. ಅದೇ ದಿನ ಒಬ್ಬ ಮಾಸ್ತರರೂ ನಿವೃತ್ತರಾಗುತ್ತಿದ್ದರು. ಭಾಷಣಗಳೆಲ್ಲ ಅವರ ಮೇಲೆ. ಅಪ್ಪನ ಹೆಸರು ಒಂದು ಸಲ ಬಂತು, ಅದೂ ತಪ್ಪಾಗಿ ಬಂತು. ಶಾಲು ಹೊದಿಸಿಕೊಂಡು ಕೆಳಗಿಳಿದವರು, ಕಾರ್ಯಕ್ರಮ ಮುಗಿದ ಮೇಲೆ ಶಾಲನ್ನು ಕಿಟಕಿ ಮೇಲಿಟ್ಟು ಕುರ್ಚಿ ಮಡಚತೊಡಗಿದರು. ಯಾರೂ ಬೇಡ ಅನ್ನಲಿಲ್ಲ. ಮನೆಗೆ ಬಂದು "ಛಲೋ ಮಾಡಿದ್ರಪಾ" ಅಂದರು. ನಿಜವಾಗಿ ಹಾಗೇ ಅನ್ನಿಸಿತ್ತೋ ಏನೋ, ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಈಗ ಕೇಳೋಣ ಅಂದರೆ ಅವರಿಲ್ಲ.

ಸಾಕು. ಇಷ್ಟೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ.

ಹೊಸಬರು ಬರುವವರೆಗೆ ಪ್ರಭಾರ ನನಗೇ ಕೊಟ್ಟಿದ್ದಾರೆ. ಬೀರುವಿನ ಕೀಲಿ, ನಗದು ಪುಸ್ತಕ, ಸ್ಟಾಕ್ ರಿಜಿಸ್ಟರು, ಎಲ್ಲಕ್ಕೂ ಸಹಿ ಆಯಿತು. ಜೂನಿನಲ್ಲಿ ಒಂದು ಶನಿವಾರ ಬಾ. ಅಕ್ಕನ ಸಾಂಬಾರು ಇದೆ, ಆಮೇಲೆ ಕುಷ್ಟಗಿಗೆ ಹೋಗಿ ಮಿರ್ಚಿ ತಿನ್ನೋಣ. ದುಡ್ಡು ನೀನೇ ಕೊಡಬೇಕು, ಯಾಕೆ ಅಂತ ಹೊಸಪೇಟೆ ಸ್ಟೇಷನ್ನಿನ ಆ ಚಾದವನನ್ನು ಕೇಳು.

ನಿನ್ನ ದೋಸ್ತ