ದೊಲೊಖೋವ್ ಯಾರು ಅಂತ ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯ,

ನಿನ್ನ ಮೆಸೇಜ್ ನೋಡಿ ನಕ್ಕುಬಿಟ್ಟೆ. ಟಾಲ್‌ಸ್ಟಾಯ್‌ನ ‘ಯುದ್ಧ ಮತ್ತು ಶಾಂತಿ’ಯಲ್ಲಿ ಎರಡು ಸಂಪುಟ ಮುಗಿಸಿ, ಮೂರನೆಯದಕ್ಕೆ ಕೈ ಹಾಕುವ ಹೊತ್ತಿಗೆ "ಈ ದೊಲೊಖೋವ್ ಅನ್ನುವವನು ಯಾರೋ ಮಾರಾಯ" ಅಂತ ಕೇಳಿದ್ದೀಯಲ್ಲ, ಅದಕ್ಕೆ. ನಿನ್ನ ಮರೆವಿಗೆ ನಕ್ಕಿದ್ದಲ್ಲ. ನಾನೂ ಮೊದಲ ಸಲ ಸರಿಸುಮಾರು ಅಲ್ಲೇ ಪುಸ್ತಕ ಮುಚ್ಚಿಟ್ಟಿದ್ದೆ. ಐನೂರಕ್ಕೂ ಜಾಸ್ತಿ ಜನ ಓಡಾಡುವ ಕಾದಂಬರಿ ಅದು. 361 ಅಧ್ಯಾಯ. ಫೋನಿನಲ್ಲಿ ಹೇಳಿದರೆ ನೀನು ಅರ್ಧಕ್ಕೇ ಬೇರೆ ಮಾತು ತೆಗೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಸಲ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ನೋಟ್‌ಬುಕ್ಕಿನಲ್ಲಿ ಹೆಸರು ಬಂದ ಹಾಗೆಲ್ಲ ಬರೆದುಕೊಂಡೆ. ಪಕ್ಕದಲ್ಲಿ ಅವರು ಯಾರ ಮಗ, ಯಾರ ಹೆಂಡತಿ ಅಂತ. ತೊಂಬತ್ತು ಹೆಸರು ದಾಟಿದ ಮೇಲೆ ಅದು ಮದುವೆ ಮನೆಯ ಮುಯ್ಯಿ ಪಟ್ಟಿಯ ಹಾಗಾಯಿತು. ಯಾರು ಯಾರು ಅಂತ ಗೊತ್ತಾಗುತ್ತಿತ್ತು, ಆದರೆ ಅವರನ್ನು ಹೋದ ಸಲ ಎಲ್ಲಿ ಬಿಟ್ಟು ಬಂದಿದ್ದೆ ಅನ್ನುವುದು ಗೊತ್ತಾಗುತ್ತಿರಲಿಲ್ಲ. ಕಥೆಯ ಎಳೆ ತಪ್ಪುವುದು ಅಲ್ಲೇ ನೋಡು. ಆಮೇಲೆ ನೆಟ್‌ನಲ್ಲಿ ವಂಶವೃಕ್ಷ ಹುಡುಕಿದೆ. ಅದರಲ್ಲಿ ಯಾರು ಕೊನೆಗೆ ಯಾರನ್ನು ಮದುವೆಯಾಗುತ್ತಾರೆ ಅಂತ ಗೆರೆ ಎಳೆದೇ ತೋರಿಸಿದ್ದರು! ನೀನು ಮಾತ್ರ ಆ ಕೆಲಸ ಮಾಡಬೇಡ.

ಎರಡನೇ ಸಲ ಪಟ್ಟಿ ಬಿಟ್ಟೆ. ನಮ್ಮೂರಿನ ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ ಇರುತ್ತಿತ್ತಲ್ಲ, ಆ ಥರದ್ದೊಂದು ಮಾಡಿಕೊಂಡೆ. ಅಂಗಡಿಯವನು ಊರಿನವರ ಹೆಸರನ್ನೆಲ್ಲ ಬರೆದಿಡುವುದಿಲ್ಲ. ಯಾರ ಹತ್ತಿರ ಏನು ಬಾಕಿ ಅನ್ನುವುದನ್ನಷ್ಟೇ ಬರೆಯುತ್ತಾನೆ, ತೀರಿದ ಮೇಲೆ ಗೀಟು ಹೊಡೆಯುತ್ತಾನೆ. ಕಾದಂಬರಿಯೂ ಹಾಗೇ. ಒಬ್ಬರ ಮಾತು ಉಳಿದಿರುತ್ತದೆ, ಇನ್ನೊಬ್ಬರ ಸೇಡು ಉಳಿದಿರುತ್ತದೆ, ಮತ್ತೊಬ್ಬರ ಗುಟ್ಟು ಯಾರಿಗೋ ಗೊತ್ತಿರುತ್ತದೆ. ಇನ್ನೂರು ಪುಟ ಆದಮೇಲೆ ಆ ಮನುಷ್ಯ ವಾಪಸ್ ಬರುವುದು ಆ ಬಾಕಿ ತೀರಿಸಲಿಕ್ಕೆ, ಇಲ್ಲವೇ ಇನ್ನಷ್ಟು ಸಾಲ ಮಾಡಲಿಕ್ಕೆ.

ಸರಿ, ನಿನ್ನ ದೊಲೊಖೋವ್‌ನನ್ನೇ ತಗೋ. ನನ್ನ ಪುಸ್ತಕದಲ್ಲಿ ಅವನ ಲೆಕ್ಕ ಹೀಗೆ ಬೆಳೆಯಿತು. 1805ರ ಬೇಸಿಗೆ, ಪೀಟರ್ಸ್‌ಬರ್ಗ್. ಪಿಯೇರ್ ತನ್ನ ಸ್ನೇಹಿತ ಆಂದ್ರೇಗೆ ಇನ್ನು ಅನತೋಲ್ ಕುರಾಗಿನ್‌ನ ಮನೆ ಕಡೆ ತಲೆ ಹಾಕಲ್ಲ ಅಂತ ಮಾತು ಕೊಟ್ಟು, ಅದೇ ರಾತ್ರಿ ನೆಟ್ಟಗೆ ಅಲ್ಲಿಗೇ ಹೋಗುತ್ತಾನೆ. ಅಲ್ಲಿ ಕಿಟಕಿಯ ಹೊರಗೆ ಕಾಲು ಇಳಿಬಿಟ್ಟು ಕೂತು, ಏನನ್ನೂ ಹಿಡಿದುಕೊಳ್ಳದೆ ಒಂದು ಬಾಟಲಿ ರಮ್ ಖಾಲಿ ಮಾಡುತ್ತಾನಲ್ಲ, ಆ ಬಡ ಆಫೀಸರ್ ನೆನಪಿದೆಯಾ? ಅವನೇ. ಆಮೇಲೆ ಇವರೆಲ್ಲ ಸೇರಿ ಪೊಲೀಸಿನವನೊಬ್ಬನನ್ನು ಕರಡಿಯ ಬೆನ್ನಿಗೆ ಕಟ್ಟಿ ನೀರಿಗೆ ಬಿಟ್ಟದ್ದು ನಮಗೆ ತಿಳಿಯುವುದು ಮಾಸ್ಕೋದಲ್ಲಿ, ರೊಸ್ತೋವ್‌ರ ಮನೆಯ ಹರಟೆಯಲ್ಲಿ. ಅನತೋಲ್‌ಗೆ ಅಪ್ಪನ ಬಲ ಇತ್ತು, ಪಾರಾದ. ದೊಲೊಖೋವ್‌ನನ್ನು ಮಾತ್ರ ಸಾಮಾನ್ಯ ಸಿಪಾಯಿ ಮಾಡಿ ಕೆಳಗಿಳಿಸಿದರು. ಬಾಕಿ: ಕಳೆದುಕೊಂಡ ಪದವಿ ವಾಪಸ್ ಗಳಿಸಬೇಕು.

ಅದನ್ನು ಯುದ್ಧದಲ್ಲಿ ಗಳಿಸುತ್ತಾನೆ. ಗೀಟು. ಆದರೆ ಅಷ್ಟರಲ್ಲಿ ಪಿಯೇರ್ ಆಗರ್ಭ ಶ್ರೀಮಂತನಾಗಿ, ಅನತೋಲ್‌ನ ಸೋದರಿ ಎಲೆನ್‌ಳನ್ನು ಮದುವೆಯಾಗಿದ್ದಾನೆ, ದೊಲೊಖೋವ್ ಅವನ ಮನೆಯಲ್ಲೇ ಬಂದು ಉಳಿದು ಎಲೆನ್ ಜೊತೆ ಹೆಸರು ಕೆಡಿಸಿಕೊಂಡಿದ್ದಾನೆ. ದ್ವಂದ್ವಯುದ್ಧ. ಪಿಸ್ತೂಲು ಹಿಡಿಯಲೂ ಸರಿಯಾಗಿ ಬಾರದ ಪಿಯೇರ್‌ನ ಗುಂಡು ಇವನಿಗೇ ತಗಲುತ್ತದೆ. ಅಲ್ಲಿ ಟಾಲ್‌ಸ್ಟಾಯ್ ಒಂದು ಚಿಕ್ಕ ವಿಷಯ ಹೇಳುತ್ತಾನೆ: ಈ ಪುಂಡ ವಯಸ್ಸಾದ ತಾಯಿ ಮತ್ತು ಗೂನು ಬೆನ್ನಿನ ತಂಗಿ ಜೊತೆ ಇರುತ್ತಾನೆ, ಅವರ ಮೇಲೆ ಅವನಿಗೆ ಪ್ರಾಣ. ಇದನ್ನು ಬಾಕಿ ಅನ್ನಲಾಗದು, ಆದರೂ ಬರೆದುಕೊಂಡೆ. ಕೆಟ್ಟವನೊಬ್ಬನ ಬಗ್ಗೆ ಹೀಗೆ ಒಂದು ಸಾಲು ಬಂತೆಂದರೆ ಅವನನ್ನು ಲೇಖಕ ಸುಮ್ನೆ ಬಿಡುವುದಿಲ್ಲ.

ಮುಂದಿನ ಸಾಲ ನಿಕೊಲಾಯ್ ರೊಸ್ತೋವ್‌ನ ಮೇಲೆ. ದೊಲೊಖೋವ್ ರೊಸ್ತೋವ್‌ರ ಮನೆಯಲ್ಲೇ ಬೆಳೆದ ಬಡ ನೆಂಟರ ಹುಡುಗಿ ಸೋನ್ಯಾಳನ್ನು ಮದುವೆಗೆ ಕೇಳುತ್ತಾನೆ, ಅವಳು ಒಲ್ಲೆ ಅನ್ನುತ್ತಾಳೆ, ಯಾಕೆಂದರೆ ಅವಳ ಮನಸ್ಸು ನಿಕೊಲಾಯ್ ಕಡೆ. ಇವನು ನಿಕೊಲಾಯ್‌ನನ್ನು ಇಸ್ಪೀಟಿಗೆ ಕರೆದು 43,000 ರೂಬಲ್ ಗೆಲ್ಲುತ್ತಾನೆ. 43 ಯಾಕೆ? ಅವನ ವಯಸ್ಸು, ಸೋನ್ಯಾಳ ವಯಸ್ಸು ಕೂಡಿಸಿದರೆ ಬರುವುದು ಅಷ್ಟು. ಅಲ್ಲಿಗೆ ಬರುವವರೆಗೂ ಆಟ ನಿಲ್ಲಿಸುವುದಿಲ್ಲ. ದುಡ್ಡನ್ನು ನಿಕೊಲಾಯ್‌ನ ಅಪ್ಪ ಕಷ್ಟಪಟ್ಟು ತೀರಿಸುತ್ತಾನೆ. ಗೀಟು. ಆದರೆ ರೊಸ್ತೋವ್ ಮನೆ ಬಡವಾಗುವ ಎಳೆಗೆ ಒಂದು ದೊಡ್ಡ ಗಂಟು ಬಿದ್ದದ್ದು ಇಲ್ಲೇ, ಹಾಗಾಗಿ ಅದನ್ನು ರೊಸ್ತೋವ್‌ರ ಪುಟಕ್ಕೆ ದಾಟಿಸಿದೆ. ಕೊನೆಗೆ ಆಂದ್ರೇ ಜೊತೆ ಮದುವೆ ನಿಶ್ಚಯವಾಗಿದ್ದ ನಿಕೊಲಾಯ್‌ನ ತಂಗಿ ನತಾಶಾಳನ್ನು ಹಾರಿಸಿಕೊಂಡು ಹೋಗಲು ಅನತೋಲ್‌ಗೆ ಏರ್ಪಾಡು ಮಾಡಿಕೊಟ್ಟವನೂ ಇವನೇ. ಈಗ ನೋಡು, ದೊಲೊಖೋವ್ ಯಾರು? ಪಿಯೇರ್‌ಗೂ ರೊಸ್ತೋವ್ ಮನೆಗೂ ಬಾಕಿ ಇಟ್ಟುಕೊಂಡವನು. ಮುಂದೆ ಈ ಎರಡೂ ಲೆಕ್ಕ ತೆರೆಯುತ್ತವೆ. ಎಲ್ಲಿ, ಹೇಗೆ ಅಂತ ಹೇಳಲ್ಲ.

ಉದ್ರಿ ಸಾಲಿನ ಕೊನೆಗೆ ‘ಗೊತ್ತಿರುವವರು’ ಅಂತ ಒಂದು ಚಿಕ್ಕ ಜಾಗ ಬಿಡು. ನನಗೆ ಅತಿ ಜಾಸ್ತಿ ಉಪಯೋಗ ಆದದ್ದು ಅದೇ. ಅನತೋಲ್‌ಗೆ ಆಗಲೇ ಮದುವೆಯಾಗಿದೆ, ಪೋಲೆಂಡಿನ ಜಮೀನ್ದಾರನ ಮಗಳ ಜೊತೆ. ಗೊತ್ತಿರುವವರು ಬೆರಳೆಣಿಕೆಯಷ್ಟು: ದೊಲೊಖೋವ್, ಪಿಯೇರ್. ನತಾಶಾಳ ಪಕ್ಕ ಸೊನ್ನೆ. ನೀನು ಇದನ್ನು ಬರೆದುಕೊಂಡಿದ್ದರೆ ನತಾಶಾ ಇದ್ದ ಮನೆಯೊಳಗೆ ಪಿಯೇರ್ ಕಾಲಿಟ್ಟ ತಕ್ಷಣ ಗುಟ್ಟು ಬಯಲಾಗುತ್ತದೆ ಅಂತ ನಿನಗೆ ಗೊತ್ತಾಗುತ್ತಿತ್ತು. ಬರೆದುಕೊಳ್ಳದಿದ್ದರೆ ಅವನು ಬಂದು ಹೇಳುವುದು ಎಲ್ಲಿಂದಲೋ ಉದುರಿದ ಹಾಗೆ ಕಾಣುತ್ತದೆ, ಅಲ್ವಾ?

ಹೆಸರಿನ ಗೋಜಲು ಬೇರೆ ವಿಷಯ. ನಾಲ್ಕು ಮನೆಗೆ ನಾಲ್ಕು ಪುಟ ಸಾಕು: ರೊಸ್ತೋವ್, ಬೊಲ್ಕೊನ್ಸ್ಕಿ, ಕುರಾಗಿನ್, ಬೆಜುಖೋವ್. ಉಳಿದವರೆಲ್ಲ ಐದನೇ ಪುಟಕ್ಕೆ. ಹೆಸರಿನ ನಡುವೆ ಬರುವುದು ಅಪ್ಪನ ಹೆಸರು. ಇಲ್ಯಾನ ಮಗ ಇಲ್ಯಿಚ್, ಮಗಳು ಇಲ್ಯಿನಿಚ್ನಾ. ಅದನ್ನು ನೋಡಿದರೆ ಯಾವ ಮನೆ ಅಂತ ತಿಳಿಯುತ್ತದೆ. ಪಿಯೇರ್ ಮತ್ತು ನತಾಶಾಳ ಪುಟ್ಟ ತಮ್ಮ ಪೇತ್ಯಾ, ಇಬ್ಬರ ಹೆಸರೂ ಪ್ಯೋತ್ರ್. ಒಬ್ಬ ಕಿರಿಲೊವಿಚ್, ಇನ್ನೊಬ್ಬ ಇಲ್ಯಿಚ್. ಬೊಲ್ಕೊನ್ಸ್ಕಿ ಮನೆಯಲ್ಲಂತೂ ನಮ್ಮ ಕಡೆಯ ಹಾಗೇ ಮೊಮ್ಮಗನಿಗೆ ತಾತನ ಹೆಸರಿಟ್ಟಿದ್ದಾರೆ. ಮುದುಕನೂ ನಿಕೊಲಾಯ್ ಆಂದ್ರೇವಿಚ್, ಮಗುವೂ ನಿಕೊಲಾಯ್ ಆಂದ್ರೇವಿಚ್. ಅಲ್ಲಿ ಅಪ್ಪನ ಹೆಸರೂ ಕೈಕೊಡುತ್ತದೆ.

ಹಾಗೆ ಕೈಕೊಟ್ಟಾಗ ನಾನು ಮೈಗುರುತು ಹಿಡಿದೆ. ಟಾಲ್‌ಸ್ಟಾಯ್ ಮುಖ್ಯವಾದವರಿಗೆಲ್ಲ ಒಂದು ಗುರುತು ಕೊಟ್ಟು ಅದನ್ನೇ ತಿರುಗಿ ತಿರುಗಿ ಹೇಳುತ್ತಾನೆ. ಆಂದ್ರೇಯ ತಂಗಿ ಮರಿಯಾಳ ಭಾರದ ಹೆಜ್ಜೆ, ಬೆಳಗುವ ಕಣ್ಣು. ಎಲೆನ್‌ಳ ತೆರೆದ ಭುಜ, ಎಲ್ಲರಿಗೂ ಒಂದೇ ಥರದ ನಗು. ಆಂದ್ರೇಯ ಹೆಂಡತಿ ಲೀಸಾಳ ಗಿಡ್ಡ ಮೇಲ್ತುಟಿ, ಅದರ ಮೇಲಿನ ನವಿರು ಕೂದಲು. ಲೀಸಾ ಹೆರಿಗೆಯಲ್ಲಿ ಸತ್ತುಹೋಗುತ್ತಾಳೆ, ನಾನು ಅವಳ ಸಾಲಿಗೆ ಗೀಟು ಹೊಡೆದುಬಿಟ್ಟಿದ್ದೆ. ಎಷ್ಟೋ ಪುಟದ ಮೇಲೆ ಆ ಮಗು ನಗುತ್ತದೆ, ನಕ್ಕಾಗ ಮೇಲ್ತುಟಿ ಅಮ್ಮನದರ ಹಾಗೇ ಮೇಲೇಳುತ್ತದೆ. ಆ ತುಟಿಯನ್ನು ಬರೆದಿಟ್ಟುಕೊಂಡಿದ್ದರಿಂದ ಅಲ್ಲಿ ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಯುದ್ಧದ ಅಧ್ಯಾಯದಲ್ಲಿ ಬಂದು ಹೋಗುವ ಕರ್ನಲ್‌ಗಳಿಗೆ ಇಂಥ ಗುರುತು ಕೊಟ್ಟಿರುವುದಿಲ್ಲ. ಅವರನ್ನು ಬರೆಯಲೇಬೇಡ, ಹೋಗಲಿ ಬಿಡು.

ಒಮ್ಮೊಮ್ಮೆ ಲೆಕ್ಕ ಕೂಡುವುದಿಲ್ಲ. ನತಾಶಾಗೆ 1805ರಲ್ಲಿ 13. ಅಕ್ಕ ವೇರಾ ಅವಳಿಗಿಂತ ನಾಲ್ಕು ವರ್ಷ ದೊಡ್ಡವಳು ಅಂತ ಅಲ್ಲೇ ಹೇಳಿದ್ದಾನೆ, ಅಂದರೆ 17. 1809ಕ್ಕೆ ಬಂದರೆ ನತಾಶಾಗೆ 16, ವೇರಾಗೆ 24! ನಾನು ನನ್ನದೇ ತಪ್ಪು ಅಂದುಕೊಂಡು ಒಂದು ಸಂಜೆ ಇಡೀ ಹಿಂದಿನ ಪುಟ ತಿರುವಿದೆ. ತಪ್ಪು ಟಾಲ್‌ಸ್ಟಾಯ್‌ನದು. ಆಗ ನೆಮ್ಮದಿಯಾಯಿತು ನೋಡು, ಅವನೂ ಎಣಿಕೆ ತಪ್ಪುತ್ತಾನೆ ಅಂತ. ತಾರೀಖಿನ ವಿಷಯದಲ್ಲಿ ಮಾತ್ರ ಅವನನ್ನು ಅನುಮಾನಿಸಬೇಡ. ಆಗ ರಷ್ಯಾದವರದು ಹಳೇ ಕ್ಯಾಲೆಂಡರ್, ಹನ್ನೆರಡು ದಿನ ಹಿಂದೆ. ಆಸ್ಟರ್ಲಿಟ್ಸ್ ಕಾಳಗ ಅವರಿಗೆ 1805ರ ನವೆಂಬರ್ 20, ಇತಿಹಾಸದ ಪುಸ್ತಕದಲ್ಲಿ ಡಿಸೆಂಬರ್ 2.

ಪ್ರತಿ ಅಧ್ಯಾಯಕ್ಕೂ ಬರೆಯಲು ಕೂರಬೇಡ, ಓದುವ ಖುಷಿಯೇ ಹೋಗುತ್ತದೆ. ಒಂದು ಭಾಗ ಮುಗಿದಾಗ ಹತ್ತು ನಿಮಿಷ ಕೂತು, ಪುಸ್ತಕ ಮುಚ್ಚಿಟ್ಟು ನೆನಪಿನಿಂದ ಬರೆ. ನೆನಪಿಗೆ ಬಾರದ್ದಿದ್ದರೆ ಅಷ್ಟನ್ನೇ ತೆಗೆದು ನೋಡು. ನೀನು ಈಗ ನಿಂತಿರುವ ಜಾಗದಲ್ಲಿ, ಅಂದರೆ ಆ ಧೂಮಕೇತು ಕಾಣಿಸಿಕೊಳ್ಳುವಲ್ಲಿ, ನನ್ನ ಪುಸ್ತಕದಲ್ಲಿ ಬೋರಿಸ್‌ಗೆ ಗೀಟು ಬಿದ್ದಿತ್ತು, ದುಡ್ಡಿನ ಹುಡುಗಿ ಸಿಕ್ಕಳಲ್ಲ. ವೇರಾಗೂ ಗೀಟು. ತೆರೆದಿದ್ದ ಬಾಕಿ ಇಷ್ಟು. ಆಂದ್ರೇಗೆ ಅನತೋಲ್ ಮೇಲೆ ಸಿಟ್ಟು, ಆದರೆ ಪಿಯೇರ್ ಆಗಲೇ ಅನತೋಲ್‌ನನ್ನು ಮಾಸ್ಕೋದಿಂದ ಓಡಿಸಿದ್ದಾನೆ. ತನ್ನನ್ನು ಕ್ಷಮಿಸಲು ಆಂದ್ರೇಗೆ ಹೇಳಿ ಅಂತ ನತಾಶಾ ಪಿಯೇರ್ ಕೈಲಿ ಮಾತು ಕಳಿಸಿದ್ದಾಳೆ. ಪಿಯೇರ್ ತಾನು ಬಂಧನವಿಲ್ಲದವನಾಗಿದ್ದರೆ ಅವಳ ಕೈ ಕೇಳುತ್ತಿದ್ದೆ ಅಂತ ಅವಳ ಮುಂದೆ ಹೇಳಿಬಿಟ್ಟಿದ್ದಾನೆ, ಎಲೆನ್ ಇನ್ನೂ ಹೆಂಡತಿಯಾಗಿಯೇ ಇದ್ದಾಳೆ. ನಿಕೊಲಾಯ್ ಸೋನ್ಯಾಗೆ ಕೊಟ್ಟ ಮಾತು ಇದೆ, ಅಮ್ಮನಿಗೆ ಆ ಬಡ ಹುಡುಗಿ ಬೇಡ. ಮರಿಯಾ ಅಪ್ಪನ ಬೈಗುಳ ತಿನ್ನುತ್ತಾ ಅದೇ ಮನೆಯಲ್ಲಿದ್ದಾಳೆ. ಮತ್ತೆ ನಿನ್ನ ದೊಲೊಖೋವ್.

ಇದನ್ನೇ ಕಾಪಿ ಮಾಡಿಕೊಂಡು ಮೂರನೇ ಸಂಪುಟ ತೆಗಿ. ಬೊರೊದಿನೊ ಕಾಳಗದ ಹಿಂದಿನ ದಿನಕ್ಕೆ ಬಂದಾಗ ಒಂದು ಫೋನ್ ಮಾಡು, ಯಾವ ಸಾಲಿಗೆ ಗೀಟು ಬಿತ್ತು ಅಂತ ನೀನೇ ಹೇಳು. ಮೊದಲ ಸಂಪುಟದಲ್ಲಿ ನನ್ನ ಪೆನ್ಸಿಲ್ ಗುರುತುಗಳಿವೆ, ಅಳಿಸಬೇಡ.

ನಿನ್ನವ