ಮೇ ತಿಂಗಳನ್ನು ಕೇಳಬೇಡ

ಶಿರಸಿ

ಚಿ. ಪುಟ್ಟಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಂಟರ್ನ್‌ಶಿಪ್ ಕೇಳಿ ಬೆಂಗಳೂರಿನ ಹಿರಿಯ ವಕೀಲರಿಗೆ ನೀನು ಬರೆದ ಪತ್ರದ ಕರಡು ತಲುಪಿತು. ಎರಡು ಸಲ ಓದಿದೆ. ಕೆಂಪು ಶಾಯಿ ಜಾಸ್ತಿಯಾಯಿತೆಂದು ಮುನಿಸಿಕೊಳ್ಳಬೇಡ.

‘ತಮ್ಮ ಕಚೇರಿಯಲ್ಲಿ ವಾದಪತ್ರ, ಪ್ರಮಾಣಪತ್ರಗಳನ್ನು ಬರೆಯಲು ಕಲಿಯಬೇಕು’ ಎಂದು ಬರೆದಿದ್ದೀಯಲ್ಲ, ಮೊದಲು ತಿದ್ದಬೇಕಾದದ್ದು ಅದನ್ನೇ. ನಮ್ಮ ತಾಲ್ಲೂಕಿನಲ್ಲಿ ಕಚೇರಿಯ ಯಜಮಾನನನ್ನೆಲ್ಲ ‘ಸೀನಿಯರ್’ ಎನ್ನುತ್ತೇವೆ. ನನ್ನನ್ನೂ ಹಾಗೆಯೇ ಕರೆಯುತ್ತಾರೆ. ಆದರೆ ನೀನು ಬರೆಯುತ್ತಿರುವವರಿಗೆ 1961ರ ವಕೀಲರ ಕಾಯ್ದೆಯ 16ನೇ ಕಲಮಿನಂತೆ ಹೈಕೋರ್ಟ್ ಆ ಪದವಿ ಕೊಟ್ಟಿದೆ. ಅವರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಮೊಕದ್ದಮೆ ತೆಗೆದುಕೊಳ್ಳುವಂತಿಲ್ಲ, ವಾದಪತ್ರ ಬರೆಯುವಂತಿಲ್ಲ. ಬೇರೆ ವಕೀಲರು ಬರೆದು ತಂದದ್ದನ್ನು ಅವರೊಡನೆ ಕುಳಿತು ತಿದ್ದಿಕೊಡಬಹುದು, ಅವರು ತಂದ ಕಡತದ ಮೇಲೆ ವಾದ ಮಾಡಬಹುದು. ಹಾಗಾಗಿ ಅಲ್ಲಿ ಇಲ್ಲದ ಕೆಲಸವನ್ನೇ ನೀನು ಕೇಳಿದಂತಾಗಿದೆ. ಓದಿದವರು ‘ಈ ಹುಡುಗಿ ಐವತ್ತು ಜನರಿಗೆ ಇದೇ ಪತ್ರ ಕಳುಹಿಸಿದ್ದಾಳೆ’ ಎಂದುಕೊಂಡರೆ ತಪ್ಪು ಅವರದಲ್ಲ.

ಅಲ್ಲಿ ಸಿಗುವ ಕೆಲಸವೇ ಬೇರೆ. ಮುನ್ನೂರು ಪುಟದ ಕಡತ ಓದಿ ಎರಡು ಪುಟದ ದಿನಾಂಕಪಟ್ಟಿ ಮಾಡುವುದು, ವಾದಕ್ಕೆ ಬೇಕಾದ ತೀರ್ಪು ಹುಡುಕುವುದು, ಆ ತೀರ್ಪು ಮುಂದೆ ರದ್ದಾಗಿದೆಯೇ ಎಂದು ನೋಡುವುದು, ಸಂಜೆ ಕಡತ ತಂದ ವಕೀಲರೊಡನೆ ನಡೆಯುವ ಚರ್ಚೆಯನ್ನು ಬಾಯಿಮುಚ್ಚಿ ಕೇಳುವುದು. ವಾದಪತ್ರ ಬರೆಯಲು ಕಲಿಯಬೇಕೆಂದರೆ ನನ್ನಂಥವನ ಕಚೇರಿಗೇ ಬಾ, ಗುಮಾಸ್ತರಿಗೂ ಸಹಾಯವಾಗುತ್ತದೆ.

ಎರಡನೆಯದು ತಾರೀಖು. ಮೇ 1ರಿಂದ 31ರವರೆಗೆ ಎಂದು ಕೇಳಿದ್ದೀಯ. ಮೇ ತಿಂಗಳೆಂದರೆ ಹೈಕೋರ್ಟಿಗೆ ಬೇಸಿಗೆ ರಜೆ. ತುರ್ತು ಪ್ರಕರಣಗಳಿಗೆ ರಜಾಕಾಲದ ಪೀಠ ಮಾತ್ರ ಕೂರುತ್ತದೆ. ಮೇಲಾಗಿ ವಕೀಲರ ಪರಿಷತ್ತಿನ 2008ರ ಶಿಕ್ಷಣ ನಿಯಮದಂತೆ ಇಂಟರ್ನ್‌ಶಿಪ್ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಐದು ವರ್ಷದ ಕೋರ್ಸಿಗೆ ಒಟ್ಟು ಇಪ್ಪತ್ತು ವಾರ ಆಗಬೇಕು; ನಿನಗೆ ಇನ್ನು ಮೂರೇ ವಾರ ಉಳಿದಿದೆ ಎಂದು ನಿನ್ನಮ್ಮ ಹೇಳಿದಳು. ಹಾಗಿದ್ದರೆ ಮೂರು ವಾರವನ್ನೇ ಕೇಳು. ರಜೆ ಮುಗಿದ ಮೇಲಿನ ಜೂನ್ ವಾರಗಳಲ್ಲಿ ನಿನ್ನ ಪರೀಕ್ಷೆ ಬೀಳುವುದಿಲ್ಲವೆಂದು ಕಾಲೇಜಿನಲ್ಲಿ ಖಚಿತಪಡಿಸಿಕೊಂಡು ತಾರೀಖು ಬರೆ.

ಇನ್ನು ‘ಉತ್ತಮ ಸಂಶೋಧನಾ ಸಾಮರ್ಥ್ಯ ಹೊಂದಿರುತ್ತೇನೆ’ ಎಂಬ ಸಾಲು. ಅದನ್ನು ಪೂರ್ತಿ ಹೊಡೆದುಹಾಕಿದ್ದೇನೆ. ದಸರಾ ರಜೆಯಲ್ಲಿ ನನ್ನ ಕಚೇರಿಯಲ್ಲಿ ನೀನು ಮಾಡಿದ ಕೆಲಸ ಮರೆತೆಯಾ? ಹೆಣ್ಣುಮಕ್ಕಳು ಪಾಲು ಕೇಳಿ ಹಾಕಿದ ದಾವೆ ಅದು. 2001ರಲ್ಲೇ ಬಾಯಿಮಾತಿನ ಪಾಲಾಗಿದೆ ಎಂದು ಅಣ್ಣಂದಿರ ತಕರಾರು. ಸುಪ್ರೀಂ ಕೋರ್ಟಿನ 2020ರ ವಿನೀತಾ ಶರ್ಮಾ ತೀರ್ಪಿನಂತೆ ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, ಬಾಯಿಮಾತಿನ ಪಾಲನ್ನು ಸುಲಭಕ್ಕೆ ಒಪ್ಪುವಂತಿಲ್ಲ. ಸಾರ್ವಜನಿಕ ದಾಖಲೆಗಳ ಗಟ್ಟಿ ಆಧಾರವಿದ್ದರೆ ಮಾತ್ರ, ಅದೂ ಅಪರೂಪಕ್ಕೆ. ಇಷ್ಟು ನನಗೂ ಗೊತ್ತಿತ್ತು. ಆದರೆ ಪಹಣಿಗಳನ್ನು ವರ್ಷವಾರು ಜೋಡಿಸುತ್ತ, 2006ರಲ್ಲೂ ಹೆಸರು ಜಂಟಿಯಾಗಿಯೇ ಇದೆ ಎಂದು ತೋರಿಸಿದವಳು ನೀನು. ನಾನು ಆ ಪುಟವನ್ನು ದಾಟಿ ಹೋಗಿದ್ದೆ.

ಅದನ್ನೇ ಬರೆ. ಹೀಗೆ: ‘ಪಾಲು ವಿಭಾಗದ ಒಂದು ದಾವೆಯಲ್ಲಿ ಪಹಣಿಗಳ ದಿನಾಂಕಪಟ್ಟಿ ಸಿದ್ಧಪಡಿಸಿದೆ. ಪಾಲಾಯಿತೆಂದು ಹೇಳಿದ ಐದು ವರ್ಷಗಳ ನಂತರವೂ ಜಂಟಿ ಹೆಸರು ಮುಂದುವರಿದಿದ್ದುದು ಅದರಿಂದ ತಿಳಿಯಿತು. ಮೇಲ್ಮನವಿಯಲ್ಲಿ ಇಂಥ ಅಂಶವನ್ನು ಹೇಗೆ ಮಂಡಿಸುತ್ತಾರೆಂದು ನೋಡಬೇಕೆಂಬುದು ನನ್ನ ಕೋರಿಕೆ.’ ಸಾಕು. ನಿನ್ನ ಕರಡಿನಲ್ಲಿ ಬೇರೊಂದು ಕಡೆ ಕಕ್ಷಿದಾರರ ಹೆಸರು, ಊರು ಎಲ್ಲ ಬಂದಿತ್ತು. ಅಲ್ಲಿ ನನ್ನ ಕೈ ನಡುಗಿತು. ಒಂದು ಕಚೇರಿಯ ಗುಟ್ಟನ್ನು ಪತ್ರದಲ್ಲಿ ಬರೆಯುವವಳನ್ನು ಇನ್ನೊಂದು ಕಚೇರಿ ಒಳಗೆ ಬಿಟ್ಟುಕೊಳ್ಳುವುದಿಲ್ಲ.

‘ಜೀವನಪೂರ್ತಿ ಮಾರ್ಗದರ್ಶನ ನೀಡಬೇಕು’ ಎಂದೂ ಬೇಡಿದ್ದೀಯ. ಮುಖ ನೋಡದವರ ಹೆಗಲಿಗೆ ಇಷ್ಟು ಭಾರ ಹೊರಿಸಬಾರದು. ಮೂರು ವಾರದಲ್ಲಿ ನೀನು ಬರೆದ ಒಂದು ಟಿಪ್ಪಣಿಯ ತಪ್ಪುಗಳನ್ನು ತೋರಿಸಿಕೊಡಬೇಕೆಂದು ಕೇಳು. ಅವರು ಅದನ್ನು ಮನಸ್ಸಿಟ್ಟು ತಿದ್ದಿದರೆ, ಸನ್ನದು ಸಿಕ್ಕ ಮೇಲೆ ಮತ್ತೆ ಬಂದು ಕಾಣಬಹುದೇ ಎಂದು ಹೊರಡುವ ದಿನ ಕೇಳುವೆಯಂತೆ.

ಪತ್ರ ಒಂದೇ ಪುಟವಿರಲಿ. ಪ್ರಾಂಶುಪಾಲರ ಪತ್ರ ಲಗತ್ತಿಸು. ಹದಿನೈದು ದಿನ ಉತ್ತರ ಬಾರದಿದ್ದರೆ ಕಚೇರಿಗೆ ಒಮ್ಮೆ ಫೋನ್ ಮಾಡಿ ಅಲ್ಲಿನ ಗುಮಾಸ್ತರನ್ನು ಮರ್ಯಾದೆಯಿಂದ ವಿಚಾರಿಸು. ಕಡತವಾಗಲಿ ಪತ್ರವಾಗಲಿ ಮೇಜಿನ ಮೇಲೆ ಬರುವುದು ಅವರ ಕೈಯಿಂದ.

ತಿದ್ದಿದ ಕರಡು ಇದರೊಂದಿಗಿದೆ. ಹೊಸದಾಗಿ ಬರೆದು, ಕಳುಹಿಸುವ ಮೊದಲು ನನಗೊಂದು ಪ್ರತಿ ಹಾಕು.

ಇಂತು ನಿನ್ನ,
ಮಾವ